ತಿಳಿಗುಲಾಬಿಗೆ ಮುಂಚಿನ ಬಾಳೆಸಿಪ್ಪೆಯ ಬಣ್ಣ

ಕಳೆದ ವರ್ಷ ಪದವಿ ಮುಗಿಸಿದ ಅಕ್ಕನ ಮಗಳು ಒಂದು ಸಂಜೆ ಮನೆಗೆ ಬಂದು, ಸೊಂಟದವರೆಗಿನ ತನ್ನ ಕಪ್ಪು ಕೂದಲನ್ನು ಬಿಚ್ಚಿ ಕುರ್ಚಿಯ ಹಿಂದೆ ಇಳಿಬಿಟ್ಟು ಕೂತಳು. "ಚಿಕ್ಕಮ್ಮ, ಇದಕ್ಕೆ ಬೇಬಿ ಪಿಂಕ್ ಹಾಕಿಸ್ಬೇಕು ಅಂತಿದೀನಿ. ಪಾರ್ಲರ್‌ಗೆ ಹೋಗೋಕೆ ಮುಂಚೆ ನೀನೇ ಫೋಟೋದಲ್ಲಿ ಮಾಡಿ ತೋರಿಸು. ಅಮ್ಮನ್ನ ಒಪ್ಪಿಸೋಕೂ ಬೇಕು," ಎಂದಳು. ಮದುವೆಯ ಆಲ್ಬಮ್‌ಗಳ ಮತ್ತು ಬಟ್ಟೆ ಅಂಗಡಿಗಳ ಜಾಹೀರಾತುಗಳ ಚಿತ್ರಗಳನ್ನು ತಿದ್ದುವುದೇ ನನ್ನ ಕೆಲಸವಾದ್ದರಿಂದ, ಊಟಕ್ಕೆ ಏಳುವಷ್ಟರಲ್ಲಿ ಮಾಡಿಕೊಡುತ್ತೇನೆ ಎಂದೆ. ಅದು ಮುಗಿದದ್ದು ಹನ್ನೊಂದನೆಯ ದಿನ.

ಆ ಸಂಜೆ ನಾನು ಮಾಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಮಾಡುವುದು ಅದನ್ನೇ. ಫೋಟೋಶಾಪ್‌ನಲ್ಲಿ ಕೂದಲನ್ನು ಆಯ್ಕೆ ಮಾಡಿಕೊಂಡು, `Hue/Saturation` ತೆರೆದು, `Colorize` ಗುರುತು ಹಾಕಿ, ಬಣ್ಣವನ್ನು ಗುಲಾಬಿಗೆ ತಂದೆ. ಕಪ್ಪು ಕೂದಲು ಕಪ್ಪಾಗಿಯೇ ಉಳಿದು, ಅದರ ಹೊಳಪುಗಳು ಮಾತ್ರ ನೇರಳೆ ತಿರುಗಿದವು. ಬೆಳಕು ಸಾಲದು ಎಂದು `Lightness` ಅನ್ನು 60ರವರೆಗೆ ಎಳೆದೆ. ಆಗ ಕೂದಲಿನ ಮೇಲೆ ಯಾರೋ ವಿಭೂತಿ ಎರಚಿದಂತಾಯಿತು: ಗುಲಾಬಿ ಇದೆ, ಆದರೆ ಬೂದಿ ಬೆರೆತ ಗುಲಾಬಿ, ಎಳೆಗಳ ನಡುವಿನ ಆಳವೆಲ್ಲ ಹೋಗಿ ಇಡೀ ಜಡೆ ಬಣ್ಣ ಬಳಿದ ರಟ್ಟಿನಂತೆ ಕಂಡಿತು, ಅಂಚಿನುದ್ದಕ್ಕೂ ಹಾರುತ್ತಿದ್ದ ಸಣ್ಣ ಕೂದಲುಗಳು ಮಾತ್ರ ಹಾಗೇ ಕಪ್ಪಾಗಿ ಉಳಿದು ತಲೆಯ ಸುತ್ತ ಮಸಿಯ ಗೆರೆ ಎಳೆದವು. ಹುಡುಗಿ ನೋಡಿ, "ಬಾಂಬೆ ಮಿಠಾಯಿ ಥರ ಇದೆ," ಎಂದಳು. ಬಾಂಬೆ ಮಿಠಾಯಿಯ ಮೂಲಕ ಬೆಳಕಾದರೂ ಹಾಯುತ್ತದೆ. ಇದಕ್ಕೆ ಆ ಗುಣವೂ ಇರಲಿಲ್ಲ.

ತಪ್ಪು ಎಲ್ಲಿದೆ ಎಂಬುದು ಹೊಳೆದದ್ದು ಪಾರ್ಲರ್ ನಡೆಸುವ ಗೆಳತಿಯೊಬ್ಬಳ ಜೊತೆ ಮಾತಾಡಿದ ಮೇಲೆ. ನಮ್ಮ ಕಡೆಯ ಕಪ್ಪು ಕೂದಲಿನ ಮೇಲೆ ತಿಳಿಬಣ್ಣವನ್ನು ಎಷ್ಟು ಹಚ್ಚಿದರೂ ಕಾಣುವುದಿಲ್ಲ ಎಂದು ಆಕೆ ಹೇಳಿದಳು. ಮೊದಲು ಬ್ಲೀಚ್ ಪುಡಿಯನ್ನು ಹೈಡ್ರೋಜನ್ ಪೆರಾಕ್ಸೈಡಿನ ಜೊತೆ ಕಲಸಿ ಹಚ್ಚಿ, ಕೂದಲಿನ ಒಳಗಿರುವ ಕರಿಬಣ್ಣವಾದ ಮೆಲನಿನ್ ಅನ್ನು ಒಡೆಯಬೇಕು. ಹಾಗೆ ಒಡೆಯುವಾಗ ಕೂದಲು ಕಪ್ಪಿನಿಂದ ನೇರವಾಗಿ ಬಿಳಿಗೆ ಹೋಗುವುದಿಲ್ಲ. ಕೆಂಪು, ಕಿತ್ತಳೆ, ಹಳದಿ ಎಂದು ಮೆಟ್ಟಿಲಿಳಿದು, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ಬಿಳಿಹಳದಿಗೆ ಬರುತ್ತದೆ. ತಿಳಿಗುಲಾಬಿಗೂ ತಿಳಿನೀಲಿಗೂ ಆ ಬಾಳೆಸಿಪ್ಪೆಯ ಬಣ್ಣವೇ ನೆಲ. ಅದರ ಮೇಲೆ ಹಳದಿಯನ್ನು ಅಡಗಿಸಲು ನೇರಳೆಯ ಟೋನರ್, ಆಮೇಲಷ್ಟೇ ಬೇಕಾದ ಬಣ್ಣ. ನನ್ನ ಲೇಯರುಗಳಲ್ಲಿ ಬ್ಲೀಚ್ ಎಂಬ ಮೆಟ್ಟಿಲೇ ಇರಲಿಲ್ಲ. ನಾನು ಕಪ್ಪಿನ ಮೇಲೆ ಸುಣ್ಣ ಬಳಿದು ಅದಕ್ಕೆ ಬಣ್ಣ ಹಾಕಿದ್ದೆ.

ಬ್ಲೀಚ್ ಎಂದರೆ ಬರೀ ಬಣ್ಣ ತೆಗೆಯುವುದಲ್ಲ, ಕೂದಲಿನೊಳಗೆ ಬೆಳಕು ನಡೆಯುವ ದಾರಿಯನ್ನೇ ಬದಲಿಸುವುದು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕಂಪ್ಯೂಟರ್ ಗ್ರಾಫಿಕ್ಸಿನವರು ಇದನ್ನು ಚೆನ್ನಾಗಿ ಅಳೆದಿದ್ದಾರೆ. 2003ರಲ್ಲಿ ಸ್ಟೀಫನ್ ಮಾರ್ಶ್‌ನರ್ ಮತ್ತು ಸಂಗಡಿಗರು ಒಂಟಿ ಕೂದಲೆಳೆಯ ಮೇಲೆ ಬೆಳಕು ಬಿಟ್ಟು ಅದು ಎತ್ತೆತ್ತ ಚೆದುರುತ್ತದೆ ಎಂದು ಅಳೆದು ಕೊಟ್ಟ ಮಾದರಿಯೇ ಇಂದಿಗೂ ಚಲನಚಿತ್ರಗಳ ಕಂಪ್ಯೂಟರ್ ಕೂದಲಿಗೆ ತಳಪಾಯ. ಅದರ ಪ್ರಕಾರ ಎಳೆಗೆ ಬಿದ್ದ ಬೆಳಕಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದಿಷ್ಟು ಮೇಲ್ಮೈಯಿಂದಲೇ ಪುಟಿದು ಹೋಗುತ್ತದೆ. ಅದಕ್ಕೆ ಕೂದಲಿನ ಬಣ್ಣ ತಗಲುವುದೇ ಇಲ್ಲ, ಕಿಟಕಿಯ ಬೆಳಕು ಬೆಳ್ಳಗಿದ್ದರೆ ಹೊಳಪೂ ಬೆಳ್ಳಗೆ. ಇನ್ನೊಂದಿಷ್ಟು ಎಳೆಯ ಒಳಹೊಕ್ಕು ಆಚೆ ಬದಿಯಿಂದ ಹೊರಬೀಳುತ್ತದೆ, ಬಣ್ಣ ಹೊತ್ತುಕೊಂಡು. ಮೂರನೆಯದು ಒಳಹೊಕ್ಕು ಹಿಂಗೋಡೆಗೆ ತಾಗಿ ಬಂದ ದಾರಿಗೇ ಮರಳುತ್ತದೆ, ಅದೂ ಬಣ್ಣ ಹೊತ್ತುಕೊಂಡು. ಕಪ್ಪು ಕೂದಲಿನಲ್ಲಿ ಎರಡನೆಯದನ್ನೂ ಮೂರನೆಯದನ್ನೂ ಮೆಲನಿನ್ ಬಹುಪಾಲು ನುಂಗಿಬಿಡುವುದರಿಂದ ನಮಗೆ ಕಾಣುವುದು ಮೊದಲನೆಯದೊಂದೇ: ಕಪ್ಪು ನೆಲದ ಮೇಲೆ ಚೂಪಾದ ಬಿಳಿ ಹೊಳಪು. ಬ್ಲೀಚ್ ಆದ ಕೂದಲಿನಲ್ಲಿ ಉಳಿದೆರಡೂ ಜೀವ ಪಡೆಯುತ್ತವೆ. ಒಂದು ಎಳೆ ದಾಟಿದ ಬೆಳಕು ಪಕ್ಕದ ಎಳೆಗೆ, ಅಲ್ಲಿಂದ ಮತ್ತೊಂದಕ್ಕೆ ಎಂದು ಹತ್ತಾರು ಎಳೆಗಳನ್ನು ಹಾದು ಕಣ್ಣಿಗೆ ಬರುತ್ತದೆ. ತಿಳಿಕೂದಲು ಒಳಗಿನಿಂದ ಬೆಳಗಿದಂತೆ ಕಾಣುವುದು ಇದರಿಂದ.

ಅಂದರೆ ನನ್ನ ಕೈಯಲ್ಲಿದ್ದ ಕಪ್ಪು ಕೂದಲಿನ ಫೋಟೋದಲ್ಲಿ, ನನಗೆ ಬೇಕಾದ ಬೆಳಕಿನ ಮೂರು ಪಾಲುಗಳಲ್ಲಿ ಎರಡು ದಾಖಲಾಗಿಯೇ ಇಲ್ಲ. ಇರುವುದನ್ನು ಎತ್ತಿ ತೋರಿಸಿದರೆ ಸಾಲದು, ಇಲ್ಲದ್ದನ್ನು ಕಟ್ಟಬೇಕು.

ಮಾರನೆಯ ದಿನ ಹೊಸದಾಗಿ ಫೋಟೋ ತೆಗೆದೆ. ಎಡಕ್ಕೆ ಕಿಟಕಿ, ಹಿಂದೆ ಬೂದು ಗೋಡೆ. ಬೂದು ಗೋಡೆಯೇ ಏಕೆ ಎಂದರೆ, ಬಿಳಿ ಗೋಡೆಯ ಮುಂದೆ ತಿಳಿಗುಲಾಬಿಯ ಸಣ್ಣ ಎಳೆಗಳು ಕರಗಿಹೋಗುತ್ತವೆ, ಕಪ್ಪು ಗೋಡೆಯ ಮುಂದೆ ಈಗಿನ ಕಪ್ಪು ಎಳೆಗಳನ್ನು ಬೇರ್ಪಡಿಸಲು ಬರುವುದಿಲ್ಲ. ರಾ ಕಡತವನ್ನೇ ಇಟ್ಟುಕೊಂಡು, ಕೂದಲಿನ ಕಪ್ಪಿನಲ್ಲಿ ವಿವರ ಉಳಿಯುವಂತೆ ಎಕ್ಸ್‌ಪೋಷರನ್ನು ಸ್ವಲ್ಪ ಹೆಚ್ಚಿಗೆ ಕೊಟ್ಟು, 16 ಬಿಟ್‌ನಲ್ಲಿ ತೆರೆದೆ. ಫೋನಿನ ಜೆಪೆಗ್‌ನಲ್ಲಿ ಇದೇ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಎಂಬುದು ಮುಂದಿನ ಹೆಜ್ಜೆಯಲ್ಲೇ ಗೊತ್ತಾಗುತ್ತದೆ.

ಆ ಹೆಜ್ಜೆಯೇ ಬ್ಲೀಚ್. 0 ಎಂದರೆ ಕಪ್ಪು, 255 ಎಂದರೆ ಬಿಳಿ ಎಂಬ ಅಳತೆಯಲ್ಲಿ, `Info` ಫಲಕದಲ್ಲಿ ನೋಡಿದಾಗ ನನ್ನ ಚಿತ್ರದ ಕೂದಲಿನ ಮೈ 25ರ ಆಸುಪಾಸಿನಲ್ಲಿತ್ತು, ಹೊಳಪುಗಳು 170ರಲ್ಲಿ. ಹೋಲಿಕೆಗೆಂದು ಇಟ್ಟುಕೊಂಡಿದ್ದ, ನಿಜವಾಗಿ ಬ್ಲೀಚ್ ಆಗಿ ಬಣ್ಣ ಹಚ್ಚಿದ ಕೂದಲಿನ ಫೋಟೋದಲ್ಲಿ ನೆರಳಿನ ಭಾಗವೇ 140 ದಾಟಿತ್ತು, ಹೊಳಪು 240ರ ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಬೆಳಕಿನ ಪ್ರಮಾಣದ್ದಷ್ಟೇ ಅಲ್ಲ ಎಂದು ಕಂಡಿತು. ಕಪ್ಪು ಕೂದಲಿನಲ್ಲಿ ಮೈಗೂ ಹೊಳಪಿಗೂ ಅಂತರ ದೊಡ್ಡದು. ತಿಳಿಕೂದಲಿನಲ್ಲಿ ಎಳೆಯಿಂದ ಎಳೆಗೆ ಬೆಳಕು ಹಂಚಿಹೋಗುವುದರಿಂದ ಅಂತರ ಕಿರಿದು. ಹಾಗಾಗಿ ಕೂದಲಿನ ಮಾಸ್ಕ್ ಹಾಕಿದ `Curves` ಲೇಯರಿನಲ್ಲಿ ನಾನು 0ಯನ್ನು 90ಕ್ಕೆ, 25ನ್ನು 150ಕ್ಕೆ, 60ನ್ನು 195ಕ್ಕೆ, 170ನ್ನು 240ಕ್ಕೆ ಎತ್ತಿದೆ. ಗೆರೆಯ ಆಕಾರವನ್ನು ಮನಸ್ಸಿಗೆ ತಂದುಕೊಳ್ಳಿ: ಬುಡದಲ್ಲಿ ಕಡಿದಾದ ಏರು, ಮೇಲಕ್ಕೆ ಹೋದಂತೆ ಹೆಚ್ಚುಕಡಿಮೆ ಮಲಗಿದ ಗೆರೆ. ಹೊಳಪುಗಳ ನಡುವಿನ ಅಂತರ ಅರ್ಧಕ್ಕಿಂತಲೂ ಕಡಿಮೆಯಾಯಿತು, ಕತ್ತಲಿನೊಳಗಿದ್ದ ಅಂತರ ಎರಡೂವರೆ ಪಟ್ಟಿನ ಹತ್ತಿರ ಬಂತು.

ಕತ್ತಲಿನಲ್ಲಿದ್ದ ಅಂತರದ ಜೊತೆಗೇ ಅಲ್ಲಿದ್ದ ಕಾಳುಕಾಳು ನಾಯ್ಸ್, ಅಂದರೆ ಚಿತ್ರದ ಗದ್ದಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ. 8 ಬಿಟ್ ಜೆಪೆಗ್‌ನಲ್ಲಿ 0ಯಿಂದ 25ರವರೆಗೆ ಇರುವುದು ಬರೀ 26 ಮೆಟ್ಟಿಲು. ಅವನ್ನು 60 ಮೆಟ್ಟಿಲುಗಳ ಅಗಲಕ್ಕೆ ಎಳೆದರೆ ನಡುವೆ ಬಿರುಕು ಬಿಟ್ಟು, ಜೆಪೆಗ್‌ನ ಚೌಕಗಳು ಕೂದಲಿನೊಳಗೆ ಹಂಚಿನ ಚಾವಣಿಯಂತೆ ಎದ್ದು ಕಾಣುತ್ತವೆ. ಆ ಚೌಕಗಳು ಒಮ್ಮೆ ಕಂಡರೆ ಆ ಫೋಟೋವನ್ನು ಅಲ್ಲಿಗೇ ಬಿಡುವುದು ಲೇಸು. ರಾ ಕಡತದಲ್ಲೂ ಗದ್ದಲ ಇದ್ದೇ ಇರುತ್ತದೆ, ಆದರೆ ಅದು ಮರಳಿನಂತೆ ಸಣ್ಣಗಿರುವುದರಿಂದ ತಡೆದುಕೊಳ್ಳಬಹುದು. ನಾನು ಕೂದಲಿನ ಚಿತ್ರವನ್ನು ಎರಡು ಪದರಗಳಾಗಿ ಒಡೆದುಕೊಂಡೆ: ಮಸುಕುಗೊಳಿಸಿದ ಪದರದಲ್ಲಿ ಬೆಳಕುನೆರಳಿನ ದೊಡ್ಡ ಅಲೆಗಳು, ಇನ್ನೊಂದರಲ್ಲಿ ಎಳೆಗಳ ಸಣ್ಣ ಗೆರೆಗಳು ಮಾತ್ರ. ಮೇಲೆ ಹೇಳಿದ ಎತ್ತರಿಕೆಯ ಬಹುಭಾಗವನ್ನು ದೊಡ್ಡ ಅಲೆಗಳಿಗೆ ಕೊಟ್ಟು, ಗೆರೆಗಳ ಪದರವನ್ನು ಅರ್ಧದಷ್ಟು ತೀವ್ರತೆಯಲ್ಲಿ ಮರಳಿ ಸೇರಿಸಿದೆ. ಇದು ಗದ್ದಲದಿಂದ ಪಾರಾಗುವ ಉಪಾಯವಷ್ಟೇ ಅಲ್ಲ, ನಿಜಕ್ಕೂ ಹತ್ತಿರ. ಬ್ಲೀಚ್ ಆದಾಗ ಕೂದಲಿನ ಹೊರಪೊರೆಯ ಚಿಪ್ಪುಗಳು ಸವೆದು, ಎದ್ದು, ಮೇಲ್ಮೈ ಒರಟಾಗುತ್ತದೆ. ಹೊಳಪಿನ ಗೆರೆ ಎಣ್ಣೆಗೂದಲಿನಲ್ಲಿ ಇರುವಷ್ಟು ಚೂಪಾಗಿರುವುದಿಲ್ಲ. ತಿಳಿಗುಲಾಬಿ ಕೂದಲಿನಲ್ಲಿ ಸೂಜಿಯಂಥ ಬಿಳಿ ಹೊಳಪುಗಳು ಉಳಿದುಬಿಟ್ಟರೆ, ಕಾರಣ ಗೊತ್ತಿಲ್ಲದವರಿಗೂ ಅದು ಪ್ಲಾಸ್ಟಿಕ್ ವಿಗ್ಗಿನಂತೆ ಕಾಣುತ್ತದೆ.

ಈಗ ಕೂದಲು ಬೆಳ್ಳಗಾಯಿತು, ಆದರೆ ಮುದುಕಿಯ ಕೂದಲಿನಂತೆ ಬೂದಾಗಿ. ಅದಕ್ಕೆ ಬಾಳೆಸಿಪ್ಪೆಯ ಬಣ್ಣವನ್ನು ಕೊಡಬೇಕು, ಮತ್ತು ಅದನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬುದು ಮುಂದಿನ ಬಣ್ಣದ ಮೇಲೆ ನಿಂತಿದೆ. ಕೂದಲಿಗೆ ಹಚ್ಚಿದ ಬಣ್ಣ ಬೆಳಕನ್ನು ಸೋಸುತ್ತದೆಯೇ ಹೊರತು ತಾನಾಗಿ ಬೆಳಕನ್ನು ಸೇರಿಸುವುದಿಲ್ಲ. ಸೋಸುವುದೆಂದರೆ ಗುಣಾಕಾರ, ಫೋಟೋಶಾಪ್‌ನಲ್ಲಿ ಅದು `Multiply`. ನೆಲದ ಬಣ್ಣ ಬಿಳಿಹಳದಿ, ಅಂದರೆ ಕೆಂಪು 250, ಹಸಿರು 240, ನೀಲಿ 200 ಎಂದಿಟ್ಟುಕೊಳ್ಳೋಣ. ಅದರ ಮೇಲೆ 255, 205, 220ರ ತಿಳಿಗುಲಾಬಿಯನ್ನು ಗುಣಿಸಿದರೆ 250, 193, 173 ಬರುತ್ತದೆ. ಅದು ಗುಲಾಬಿಯಲ್ಲ, ಪೀಚ್ ಹಣ್ಣಿನ ಬಣ್ಣ. ಚೆಂದವೇ, ಆದರೆ ಕೇಳಿದ್ದು ಅದಲ್ಲ. ಜೊತೆಗೆ ನೀಲಿಯ ಒಂದು ಪ್ರತಿಯನ್ನೂ ಮಾಡುತ್ತಿದ್ದೆ. ಅದೇ ನೆಲದ ಮೇಲೆ 190, 215, 245ರ ತಿಳಿನೀಲಿಯನ್ನು ಗುಣಿಸಿದರೆ 186, 202, 192. ಮೂರರಲ್ಲಿ ಹಸಿರೇ ಮುಂದು. ಪಾರ್ಲರಿನಲ್ಲಿ ನೀಲಿ ಹಾಕಿಸಿಕೊಂಡವರ ಕೂದಲು ಪಾಚಿಯ ಛಾಯೆಗೆ ತಿರುಗುವುದರ ಲೆಕ್ಕ ಇಷ್ಟೇ. ಗೆಳತಿ ನೇರಳೆ ಟೋನರ್ ಹಚ್ಚುವುದು ಈ ಹಳದಿಯನ್ನು ತಗ್ಗಿಸಲಿಕ್ಕೆ. ನಾನೂ ನೆಲವನ್ನು 245, 240, 235ಕ್ಕೆ ತಂದು ನೀಲಿಯನ್ನು ಮತ್ತೆ ಗುಣಿಸಿದಾಗ 183, 202, 226 ಬಂತು. ಆಗ ಅದು ಆಕಾಶದ ನೀಲಿ. ಗುಲಾಬಿಗೆ ಹಳದಿಯನ್ನು ಇಷ್ಟು ಕಟ್ಟುನಿಟ್ಟಾಗಿ ತೆಗೆಯಬೇಕಿಲ್ಲ. ತುದಿಗಳಲ್ಲಿ ಸ್ವಲ್ಪ ಉಳಿಸಿದರೆ, ತೊಳೆದು ತೊಳೆದು ಬಣ್ಣ ಬಿಡುತ್ತಿರುವ ಕೂದಲಿನ ನಿಜ ಬರುತ್ತದೆ.

ಬಣ್ಣ ಹಚ್ಚುವ ಈ ಹಂತದಲ್ಲಿ ನನ್ನ ಕಣ್ಣು ತೆರೆಸಿದ್ದು ನೆರಳು. ಗುಲಾಬಿಯ ನೆರಳು ಬೂದು ಗುಲಾಬಿ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಬಟ್ಟೆಯಲ್ಲಿ, ಗೋಡೆಯಲ್ಲಿ ಅದು ಹೆಚ್ಚುಕಡಿಮೆ ಸರಿ. ತಿಳಿಕೂದಲಿನಲ್ಲಿ ಸರಿಯಲ್ಲ. ಒಂದು ಎಳೆಯನ್ನು ದಾಟುವಾಗ ಕೆಂಪು ಬೆಳಕು ನೂರಕ್ಕೆ 98ರಷ್ಟು, ಹಸಿರು 88ರಷ್ಟು, ನೀಲಿ 92ರಷ್ಟು ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಒಂದೇ ಎಳೆ ದಾಟಿದ ಬೆಳಕು ಬಿಳಿಯೇ ಎನ್ನಬೇಕು, ಗುಲಾಬಿಯ ಬರೀ ಒಂದು ಸುಳಿವು. ಐದು ಎಳೆ ದಾಟಿದ ಮೇಲೆ ಕೆಂಪು 90, ಹಸಿರು 53, ನೀಲಿ 66 ಉಳಿದು, ಸ್ಪಷ್ಟ ಗುಲಾಬಿಯಾಗುತ್ತದೆ. ಹದಿನೈದು ದಾಟಿದರೆ ಕೆಂಪು 74, ಹಸಿರು 15, ನೀಲಿ 29: ಕಡು ಗುಲಾಬಿ. ಆಳದಿಂದ ಬರುವ ಬೆಳಕು ಹೆಚ್ಚು ಎಳೆಗಳನ್ನು ದಾಟಿ ಬಂದಿರುವುದರಿಂದ, ಕೂದಲಿನ ಒಳನೆರಳು ಮೇಲ್ಮೈಗಿಂತ ಗಾಢ ಬಣ್ಣದ್ದಾಗಿರಬೇಕು. ಹೊಳಪು ಬಿಳಿ, ಮೈ ತಿಳಿಗುಲಾಬಿ, ಸಂದುಗಳು ಕಡು ಗುಲಾಬಿ. ಇಡೀ ಕೂದಲಿಗೆ ಒಂದೇ ಪ್ರಮಾಣದ ಬಣ್ಣ ಸುರಿದಾಗ ಬರುವ ಬೂದಿಯ ಗುಣಕ್ಕೆ ಮದ್ದು ಇದು. ಮಾಡುವುದೂ ಸುಲಭ: ಗುಲಾಬಿಯ `Multiply` ಲೇಯರನ್ನೇ ನಕಲು ಮಾಡಿ, ಎರಡನೆಯ ನಕಲಿನ ಮಾಸ್ಕಿನಲ್ಲಿ ಕತ್ತಲ ಭಾಗಗಳನ್ನು ಮಾತ್ರ ತೆರೆದಿಡುವುದು, ಮೂರನೆಯ ನಕಲಿನಲ್ಲಿ ಇನ್ನೂ ಕತ್ತಲಾದ ಸಂದುಗಳನ್ನು, ಅಂದರೆ ಕಿವಿಯ ಹಿಂದೆ, ಕುತ್ತಿಗೆಯ ಬಳಿ, ಜಡೆಯ ಹೆಣಿಗೆಯೊಳಗೆ. ಗುಣಾಕಾರದ ಮೇಲೆ ಗುಣಾಕಾರ ಬಿದ್ದಂತೆ ಬಣ್ಣ ತಾನಾಗಿ ಗಾಢವಾಗುತ್ತದೆ, ಎಳೆಯ ಮೇಲೆ ಎಳೆ ಬಿದ್ದಂತೆಯೇ.

ಹೊಳಪಿನ ಬಗ್ಗೆ ಇನ್ನೊಂದು ಮಾತು. ಕೂದಲಿನ ಚಿಪ್ಪುಗಳು ಹೆಂಚು ಹೊದಿಸಿದಂತೆ ತುದಿಯ ಕಡೆಗೆ ವಾಲಿರುತ್ತವೆ. ಈ ವಾಲುವಿಕೆಯಿಂದಾಗಿ ಮೇಲ್ಮೈಯಿಂದ ಪುಟಿದ ಬಿಳಿ ಹೊಳಪು ಬುಡದ ಕಡೆಗೂ, ಒಳಹೊಕ್ಕು ಮರಳಿದ ಬಣ್ಣದ ಹೊಳಪು ತುದಿಯ ಕಡೆಗೂ ಸ್ವಲ್ಪ ಸರಿದು ಕಾಣುತ್ತವೆ. ಕಪ್ಪು ಕೂದಲಿನ ಫೋಟೋದಲ್ಲಿ ಈ ಬಣ್ಣದ ಹೊಳಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಬಿಳಿ ಹೊಳಪಿನ ಪಟ್ಟಿಯನ್ನು ನಕಲು ಮಾಡಿ, ಅಗಲವಾಗಿ ಮಸುಕುಗೊಳಿಸಿ, ಬೆಚ್ಚಗಿನ ಗುಲಾಬಿ ಬಣ್ಣ ಕೊಟ್ಟು, ಕೂದಲಿನ ಹರಿವಿನ ಜಾಡಿನಲ್ಲಿ ಒಂದು ಬೆರಳಗಲ ಕೆಳಕ್ಕೆ ಇಟ್ಟು, `Screen`ನಲ್ಲಿ ತೀರ ತೆಳುವಾಗಿ ಸೇರಿಸಿದೆ. ಇದನ್ನು ಮಾಡುವ ಮುಂಚೆ ಅಕ್ಕ, "ಬಣ್ಣ ಸರಿ, ಆದ್ರೂ ಏನೋ ಸತ್ತಂಗಿದೆ," ಎಂದಿದ್ದಳು. ಮಾಡಿದ ಮೇಲೆ ಏನು ಬದಲಾಯಿತೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಆ ಮಾತು ಮತ್ತೆ ಬರಲಿಲ್ಲ.

ಹನ್ನೊಂದು ದಿನಗಳಲ್ಲಿ ಆರು ದಿನ ತಿಂದದ್ದು ಅಂಚಿನ ಎಳೆಗಳು. ನನ್ನ ಚೌಕಟ್ಟಿನ ಎತ್ತರ ಸುಮಾರು 60 ಸೆಂಟಿಮೀಟರ್, ಚಿತ್ರದ ಎತ್ತರ 6000 ಪಿಕ್ಸೆಲ್. ಅಂದರೆ ಒಂದು ಪಿಕ್ಸೆಲ್‌ಗೆ 0.1 ಮಿಲಿಮೀಟರ್. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಒಂಟಿ ಎಳೆ ಒಂದು ಪಿಕ್ಸೆಲನ್ನು ಎಂದೂ ಪೂರ್ತಿ ತುಂಬುವುದಿಲ್ಲ. ನನಗೆ ಎಳೆಯಂತೆ ಕಾಣುವ ಗೆರೆಯ ಪ್ರತಿಯೊಂದು ಪಿಕ್ಸೆಲೂ ಅರ್ಧ ಕೂದಲು, ಅರ್ಧ ಗೋಡೆ. ಚಿತ್ರದಲ್ಲಿ ಕಾಣುವ ಎಳೆಯ ಪಾರದರ್ಶಕತೆಯ ದೊಡ್ಡ ಪಾಲು ಈ ಬೆರಕೆಯದೇ. ಆದ್ದರಿಂದ ಆ ಪಿಕ್ಸೆಲನ್ನು ಕೂದಲೆಂದು ಭಾವಿಸಿ ಬೆಳಗಿಸಿದರೆ ಅದರೊಳಗಿನ ಗೋಡೆಯೂ ಬೆಳಗಿ ಎಳೆಯ ಸುತ್ತ ಪ್ರಭಾವಳಿ ಬರುತ್ತದೆ. ಗೋಡೆಯೆಂದು ಭಾವಿಸಿ ಬಿಟ್ಟರೆ ಮಸಿಗೆರೆ ಉಳಿಯುತ್ತದೆ. ಆ ಮೊದಲ ಸಂಜೆ ನನಗೆ ಸಿಕ್ಕಿದ್ದು ಎರಡನೆಯದು.

ದಾರಿ ಏನೆಂದರೆ, ಪಿಕ್ಸೆಲಿನಲ್ಲಿ ಕೂದಲಿನ ಪಾಲು ಎಷ್ಟೆಂದು ಲೆಕ್ಕ ಹಾಕಿ, ಆ ಪಾಲನ್ನು ಮಾತ್ರ ಬದಲಿಸುವುದು. ಗೋಡೆ `B`, ಕಪ್ಪು ಕೂದಲು `F`, ಕಾಣುತ್ತಿರುವ ಪಿಕ್ಸೆಲ್ `C`, ಹೊಸ ಕೂದಲು `F2`, ಕೂದಲಿನ ಪಾಲು `a` ಎಂದಾದರೆ:

```
a   = (B - C) / (B - F)
new = C + a * (F2 - F)
```

ನನ್ನ ಚಿತ್ರದ ಹಸಿರು ಚಾನೆಲಿನಲ್ಲಿ ಗೋಡೆ 180, ಕೂದಲು 25. ಕಿವಿಯ ಮೇಲೆ ಹಾರುತ್ತಿದ್ದ ಒಂದು ಎಳೆಯ ಪಿಕ್ಸೆಲ್ 110 ಇತ್ತು. 70ನ್ನು 155ರಿಂದ ಭಾಗಿಸಿದರೆ 0.45, ಅದರಲ್ಲಿ ಕೂದಲಿನ ಪಾಲು ನೂರಕ್ಕೆ 45. ಹೊಸ ಕೂದಲು 225 ಆಗಬೇಕಾದರೆ 110ಕ್ಕೆ 200ರ ನೂರಕ್ಕೆ 45 ಪಾಲನ್ನು, ಅಂದರೆ 90ನ್ನು ಸೇರಿಸಬೇಕು, ಬರುವುದು 200. ಅದೇ ಪಿಕ್ಸೆಲಿಗೆ ಮೇಲಿನ `Curves` ಅನ್ನು ನೇರವಾಗಿ ಹಾಕಿದ್ದರೆ 215 ದಾಟುತ್ತಿತ್ತು. ಅಂತರ ಅಲ್ಪವೆಂದು ತೋರಬಹುದು. ಆದರೆ ಬರೀ ಗೋಡೆಯೇ ಇರುವ ಪಕ್ಕದ ಪಿಕ್ಸೆಲಿಗೂ ಮಾಸ್ಕ್ ಸ್ವಲ್ಪ ತಗಲಿದರೆ ಅದೂ ಬೆಳಗುತ್ತದೆ, ಎಳೆ ಮೂರು ಪಿಕ್ಸೆಲ್ ದಪ್ಪವಾಗುತ್ತದೆ, ದಾರ ಅಂಟಿಸಿದಂತೆ ಕಾಣುತ್ತದೆ. ಲೆಕ್ಕದ ದಾರಿಯಲ್ಲಿ ಗೋಡೆಯ ಪಿಕ್ಸೆಲಿಗೆ `a` ಸೊನ್ನೆ, ಹಾಗಾಗಿ ಅದು ಅಲುಗುವುದಿಲ್ಲ.

ಇದಕ್ಕೆ ಪ್ರೋಗ್ರಾಮ್ ಬರೆಯಬೇಕಿಲ್ಲ. ಹಸಿರು ಚಾನೆಲನ್ನು ನಕಲು ಮಾಡಿ, `Invert` ಮಾಡಿ, `Levels`ನಲ್ಲಿ ಎಡಗಡೆಯ ಮಿತಿಯನ್ನು 75ಕ್ಕೆ, ಬಲಗಡೆಯದನ್ನು 230ಕ್ಕೆ ಇಟ್ಟರೆ, ಅದೇ ಭಾಗಾಕಾರ ನಡೆದು `a` ಕಣ್ಣೆದುರು ಬೂದು ಚಿತ್ರವಾಗಿ ನಿಲ್ಲುತ್ತದೆ. 75 ಎಂದರೆ 255ರಲ್ಲಿ 180 ಕಳೆದದ್ದು, 230 ಎಂದರೆ 25 ಕಳೆದದ್ದು. ನಡುವಿನ ಹಿಡಿಕೆಯನ್ನು ಮಾತ್ರ ಮುಟ್ಟಬಾರದು. ಆ ಬೂದು ಚಿತ್ರವನ್ನು ಲೇಯರಾಗಿ ತಂದು, ಅದರ ಮೇಲೆ ಸೇರಿಸಬೇಕಾದ ಬಣ್ಣವನ್ನು, ಅಂದರೆ `F2 - F` ಅನ್ನು, `Multiply` ಮಾಡಿ ಎರಡನ್ನೂ ಒಂದಾಗಿಸಿ, `Linear Dodge (Add)` ಕೊಟ್ಟರೆ ಸೂತ್ರದ ಎರಡನೆಯ ಸಾಲೂ ಮುಗಿಯಿತು. ಬಣ್ಣದ ಲೇಯರಿಗೆ `a`ಯನ್ನು ಮಾಸ್ಕಾಗಿ ಹಾಕಿದರೂ ಅದೇ ಆಗಬೇಕಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆಗುವುದಿಲ್ಲ. ಮಾಸ್ಕ್ ಹಾಕಿದಾಗ ಫೋಟೋಶಾಪ್ ಮೊದಲು 110ಕ್ಕೆ ಇಡೀ 200ನ್ನು ಕೂಡಿಸಿ, 255ರ ತಲೆ ಮುಟ್ಟಿ ಉಳಿದದ್ದನ್ನು ಚೆಲ್ಲಿ, ಆಮೇಲೆ ಪಾಲು ಹಾಕುತ್ತದೆ. 200 ಬರಬೇಕಾದಲ್ಲಿ 175 ಬಂದು ಎಳೆ ಮಂಕಾಗುತ್ತದೆ. ಈ ಒಂದು ವಿಷಯ ಗೊತ್ತಾಗಲು ನನಗೆ ಇಡೀ ಒಂದು ಭಾನುವಾರ ಹಿಡಿಯಿತು.

ಗೋಡೆ ಎಲ್ಲ ಕಡೆ 180 ಇರುವುದಿಲ್ಲ ಎಂಬುದು ಈ ವಿಧಾನದ ಮಿತಿ. ನನ್ನ ಗೋಡೆ ಕಿಟಕಿಯ ಕಡೆ 195, ಆಚೆ ಕಡೆ 165 ಇತ್ತು. ಎಡಕ್ಕೊಂದು ಬಲಕ್ಕೊಂದು ಎಂದು ಎರಡು ಸಲ ಮಾಡಿ ನಡುವೆ ನೆತ್ತಿಯ ಬಳಿ ಬೆಸೆದೆ. ಹಿಂದೆ ಗಿಡವೋ ಪುಸ್ತಕದ ಕಪಾಟೋ ಇದ್ದರೆ ಈ ಲೆಕ್ಕ ಕೆಲಸಕ್ಕೆ ಬಾರದು. ಆಗ ಹಾರುವ ಎಳೆಗಳನ್ನು ಅಳಿಸಿ ಕೈಯಿಂದ ಹೊಸದಾಗಿ ಬರೆಯುವುದೊಂದೇ ಉಪಾಯ, ಅದಕ್ಕೆ ಪೆನ್ ಟ್ಯಾಬ್ಲೆಟ್ ಮತ್ತು ಗಟ್ಟಿ ತಾಳ್ಮೆ ಎರಡೂ ಬೇಕು.

ಮುಂಗುರುಳಿನ ಸಮಸ್ಯೆ ಬೇರೆ. ಅವುಗಳ ಹಿಂದೆ ಗೋಡೆಯಿಲ್ಲ, ಹಣೆಯಿದೆ. ಚರ್ಮ ಕೆಂಪು ಚಾನೆಲಿನಲ್ಲಿ ಅತಿ ಬೆಳ್ಳಗಿರುವುದರಿಂದ ಇಲ್ಲಿ ಹಸಿರಿನ ಬದಲು ಕೆಂಪನ್ನು ಬಳಸಿ `a` ತೆಗೆದರೆ ಎಳೆಗಳು ಸ್ವಚ್ಛವಾಗಿ ಬರುತ್ತವೆ. ಆದರೆ ಹಾಗೆ ತೆಗೆದು ಬಣ್ಣ ಸೇರಿಸಿದಾಗ ಮುಂಗುರುಳುಗಳು ಮಾಯವಾದವು. ಲೆಕ್ಕ ತಪ್ಪಿರಲಿಲ್ಲ. ಗೋಧಿ ಬಣ್ಣದ ಹಣೆಯ ಮೇಲೆ ಕಿಟಕಿಯ ಬೆಳಕು ಬಿದ್ದಿರುವಾಗ, ತಿಳಿಗುಲಾಬಿಯ ಎಳೆಗೂ ಚರ್ಮಕ್ಕೂ ಬೆಳಕಿನಲ್ಲಿ ಅಂತರವೇ ಕಡಿಮೆ. ನಿಜವಾದ ತಿಳಿಗೂದಲಿನವರ ಹಣೆಯನ್ನು ಹತ್ತಿರದಿಂದ ನೋಡಿದರೂ ಎಳೆ ಕಾಣುವುದಕ್ಕಿಂತ ಹೆಚ್ಚಾಗಿ ಎಳೆಯ ಒಂದು ಬದಿಯ ಸಣ್ಣ ಮಿನುಗು ಮತ್ತು ಅದು ಚರ್ಮದ ಮೇಲೆ ಚೆಲ್ಲಿದ ಮಸುಕು ನೆರಳು ಕಾಣುತ್ತವೆ. ಹಾಗಾಗಿ ಎಳೆಗಳನ್ನು ಮಾಯವಾಗಲು ಬಿಟ್ಟು, ಕಿಟಕಿಯ ಕಡೆ ಒಂದು ಪಿಕ್ಸೆಲಿನ ಮಿನುಗನ್ನೂ, ಆಚೆ ಕಡೆ ಎರಡು ಮೂರು ಪಿಕ್ಸೆಲ್ ದೂರದಲ್ಲಿ ಬೆಚ್ಚಗಿನ ತೆಳು ನೆರಳನ್ನೂ ಬರೆದೆ. ಎಳೆ ತಾನೇ ಮರಳಿ ಬಂತು, ಗಾಜಿನ ಕಡ್ಡಿಯಂತೆ.

ನೆರಳಿನ ಮಾತು ಬಂದದ್ದರಿಂದ, ಬಹಳ ಮಂದಿ ಮರೆಯುವ ಜಾಗವನ್ನೂ ಹೇಳಬೇಕು: ಕುತ್ತಿಗೆ. ಕಪ್ಪು ಕೂದಲು ಬೆಳಕನ್ನು ತಡೆದು ಕುತ್ತಿಗೆಯ ಮೇಲೆ ಕಡು ನೆರಳು ಹಾಕಿರುತ್ತದೆ. ಕೂದಲು ತಿಳಿಯಾದ ಮೇಲೂ ಆ ನೆರಳು ಹಾಗೇ ಉಳಿದರೆ, ನೋಡುವವರಿಗೆ ಕೂದಲಿನ ಬಣ್ಣದ ಮೇಲೇ ಅನುಮಾನ ಬರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಬೆಳಕು ಹಾಯುವ ಕೂದಲು ನೆರಳನ್ನು ತೆಳುಗೊಳಿಸುತ್ತದೆ, ಜೊತೆಗೆ ಗುಲಾಬಿ ಛಾಯೆಯನ್ನು ಕುತ್ತಿಗೆಗೂ ದವಡೆಗೂ ಮರಳಿಸುತ್ತದೆ. ಅಂಚು ಚೆನ್ನಾಗಿ ಮಸುಕಾದ ಮಾಸ್ಕಿನೊಳಗೆ ನೆರಳನ್ನು ಅರ್ಧ ಸ್ಟಾಪಿನಷ್ಟು ಎತ್ತಿ, ಕೆಂಪನ್ನು ಕೂದಲೆಳೆಯಷ್ಟು ಹೆಚ್ಚಿಸಿದೆ. ನೀಲಿಯ ಪ್ರತಿಗೆ ಇದೇ ಜಾಗದಲ್ಲಿ ಕೈ ಬಿಗಿಹಿಡಿಯಬೇಕು. ನಮ್ಮ ಮೈಬಣ್ಣದ ನೆರಳಿಗೆ ನೀಲಿ ಬೆರೆತರೆ ಹುಡುಗಿಗೆ ಜ್ವರ ಬಂದಂತೆ ಕಾಣುತ್ತದೆ, ಹಾಗಾಗಿ ಅಲ್ಲಿ ನೆರಳನ್ನು ಎತ್ತಿದೆನೇ ಹೊರತು ಬಣ್ಣ ಕೊಡಲಿಲ್ಲ.

ಹನ್ನೊಂದನೆಯ ದಿನ ಗುಲಾಬಿ ಮತ್ತು ನೀಲಿಯ ಎರಡೂ ಪ್ರತಿಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಹುಡುಗಿ ಚಿತ್ರವನ್ನು ಹಿಗ್ಗಿಸಿ ಕಿವಿಯ ಮೇಲಿನ ಎಳೆಗಳನ್ನು ನೋಡಿದಳು, ಬೈತಲೆಯನ್ನು ನೋಡಿದಳು. ಅಕ್ಕ ದೂರದಿಂದಲೇ ಕನ್ನಡಕ ಸರಿಮಾಡಿಕೊಂಡು, "ಬುಡದಲ್ಲೂ ಪಿಂಕೇ ಇದೆಯಲ್ಲ, ಎರಡು ತಿಂಗಳಾದ್ಮೇಲೆ ಹೆಂಗಿರುತ್ತೆ ಅದನ್ನೂ ತೋರಿಸು," ಎಂದಳು. ಅದು ನನಗೆ ಹೊಳೆದಿರಲಿಲ್ಲ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಎರಡು ತಿಂಗಳಿಗೆ ಎರಡೂವರೆ ಎಂದರೆ ನನ್ನ ಚಿತ್ರದಲ್ಲಿ 250 ಪಿಕ್ಸೆಲ್. ಬೈತಲೆಯ ಎರಡೂ ಬದಿಗೆ ಅಷ್ಟಗಲ ಮಾಸ್ಕನ್ನು ಹಿಂತೆಗೆದು, ಕಪ್ಪು ಮುಗಿದು ಬಣ್ಣ ಶುರುವಾಗುವ ಗೆರೆಯನ್ನು ಹಲ್ಲುಹಲ್ಲಾಗಿ ಬಿಟ್ಟೆ. ಉಳಿದ ಗುಲಾಬಿಯ ಒಂದು `Multiply` ಲೇಯರನ್ನು ಮುಚ್ಚಿ, ತುದಿಗಳಿಗೆ ಬಾಳೆಸಿಪ್ಪೆಯ ಹಳದಿಯನ್ನು ಮರಳಿ ಬಿಟ್ಟೆ. ಅಕ್ಕ ಆ ಮೂರನೆಯ ಪ್ರತಿಯನ್ನು ತನ್ನ ಫೋನಿಗೆ ಕಳಿಸಿಕೊಂಡಳು. ಹುಡುಗಿ ಇನ್ನೂ ಪಾರ್ಲರಿಗೆ ಹೋಗಿಲ್ಲ; ಕೇಳಿದರೆ, ಮೂರನೆಯದೇ ಚೆನ್ನಾಗಿದೆ, ಪಾರ್ಲರಿನವರಿಗೆ ಅದನ್ನೇ ತೋರಿಸಿ ಮೊದಲ ದಿನವೇ ಹಾಗೆ ಮಾಡಿಸಿಕೊಳ್ಳಬಹುದಾ ಎನ್ನುತ್ತಿದ್ದಾಳೆ.